ಕಳ್ಳ ಓಡಿದ ಮೇಲೆ ಎತ್ತಿದ ದೊಣ್ಣೆ: ಆತ್ಮರಕ್ಷಣೆಯ ಹಕ್ಕು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ

ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಪರಿಚಯದ ಬೆಳೆಗಾರರೊಬ್ಬರು ನನ್ನ ಕಚೇರಿಗೆ ಬಂದು ಕೂತರು. ಎರಡು ವಾರದೊಳಗೆ ಎರಡು ಸಲ ಅವರ ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ರಾತ್ರೋರಾತ್ರಿ ಮಾಯವಾಗಿತ್ತು. ನಿದ್ದೆಗೆಟ್ಟ ಕಣ್ಣು, ದನಿಯಲ್ಲಿ ಸಿಟ್ಟು.

"ವಕೀಲ್ರೇ, ಈ ಸಲ ಬಂದ್ರೆ ಬಿಡೋದಿಲ್ಲ. ನಮ್ಮ ಅಂಗಳಕ್ಕೆ ಬಂದವನಿಗೆ ಹೊಡೆದ್ರೆ ನಮ್ಮ ಮೇಲೇ ಕೇಸಾಗತ್ತಾ?"

"ಯಾವಾಗ ಹೊಡೀತೀರಿ, ಎಷ್ಟು ಹೊಡೀತೀರಿ ಅನ್ನೋದರ ಮೇಲೆ ಹೋಗತ್ತೆ ರಾಯರೇ" ಎಂದೆ. ಅವರಿಗೆ ಈ ಉತ್ತರ ಹಿಡಿಸಲಿಲ್ಲ. ಹೌದು ಅಥವಾ ಇಲ್ಲ ಎನ್ನುವ ಉತ್ತರ ಬೇಕಿತ್ತು. ಅವತ್ತು ಅವರಿಗೆ ಒಂದು ಗಂಟೆ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಸೆಷನ್ಸ್ ಕೋರ್ಟಿನಲ್ಲಿ ನಾನು ಕಂಡ ಮಟ್ಟಿಗೆ, ಆತ್ಮರಕ್ಷಣೆಯ ಹಕ್ಕನ್ನು ಕಳೆದುಕೊಂಡು ಆರೋಪಿ ಸ್ಥಾನದಲ್ಲಿ ನಿಂತವರಲ್ಲಿ ಹೆಚ್ಚಿನವರು ಮೊದಲ ಏಟಿನಿಂದ ಅಲ್ಲಿಗೆ ಬಂದವರಲ್ಲ. ಅಪಾಯ ಮುಗಿದ ಮೇಲೆ ಕೊಟ್ಟ ಏಟು ಅವರನ್ನು ಅಲ್ಲಿಗೆ ತಂದು ನಿಲ್ಲಿಸಿರುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ

ಅಪರಾಧ ಯಾವುದು, ಶಿಕ್ಷೆ ಎಷ್ಟು ಎಂದು ಹೇಳುವ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಗೆ, ಕಾನೂನಿನ ಮಾತಿನಲ್ಲಿ ಖಾಸಗಿ ರಕ್ಷಣೆಯ ಹಕ್ಕಿಗೆ, ಮೀಸಲು. ಅದಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ಐಪಿಸಿಯ 96ರಿಂದ 106ರವರೆಗಿನ ಕಲಂಗಳನ್ನು ನೋಡಬೇಕು. ಸಂಖ್ಯೆ ಬದಲಾಗಿದೆ, ತಿರುಳು ಹೆಚ್ಚುಕಡಿಮೆ ಅದೇ ಇದೆ. ಹಾಗಾಗಿ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ.

34ನೇ ಕಲಂ ಒಂದೇ ಸಾಲಿನದು: ಖಾಸಗಿ ರಕ್ಷಣೆಯ ಹಕ್ಕನ್ನು ಚಲಾಯಿಸುವಾಗ ಮಾಡಿದ್ದು ಅಪರಾಧವಲ್ಲ. ಶಿಕ್ಷೆಯಲ್ಲಿ ರಿಯಾಯಿತಿ ಕೊಡುತ್ತೇವೆ ಎಂದಲ್ಲ, ಅದು ಅಪರಾಧವೇ ಅಲ್ಲ ಎಂದು ಕಾನೂನು ಹೇಳುತ್ತದೆ. 35ನೇ ಕಲಂ ಪ್ರಕಾರ ಈ ಹಕ್ಕು ನಿಮ್ಮ ದೇಹಕ್ಕಷ್ಟೇ ಸೀಮಿತವಲ್ಲ. ಪಕ್ಕದ ಮನೆಯವರನ್ನು ಕಾಪಾಡಲು ಹೋದರೂ ಇದೆ, ದಾರಿಯಲ್ಲಿ ಕಂಡ ಅಪರಿಚಿತೆಯನ್ನು ಕಾಪಾಡಲು ಹೋದರೂ ಇದೆ. ಆಸ್ತಿಯ ವಿಷಯದಲ್ಲಿ ಕಳ್ಳತನ, ಸುಲಿಗೆ, ಹಾನಿ, ಅತಿಕ್ರಮ ಪ್ರವೇಶ ಈ ನಾಲ್ಕರ ವಿರುದ್ಧ ಹಕ್ಕಿದೆ. ಮೈಮೇಲೆ ಬಂದವನು ಕುಡಿದಿದ್ದಾನೆ, ಅವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದಾದರೂ 36ನೇ ಕಲಂ ಪ್ರಕಾರ ನಿಮ್ಮ ಹಕ್ಕು ಹಾಗೇ ಉಳಿಯುತ್ತದೆ.

ಇವೆಲ್ಲಕ್ಕೂ ಲಗಾಮು ಹಾಕುವುದು 37ನೇ ಕಲಂ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾವ ಸಂದರ್ಭದಲ್ಲೂ ಇಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗಲೂ ಇಲ್ಲ. ಪೊಲೀಸರಾಗಲಿ ಬೇರೆ ಸರ್ಕಾರಿ ನೌಕರರಾಗಲಿ ತಮ್ಮ ಕೆಲಸದ ಮೇಲೆ ಸದ್ಭಾವನೆಯಿಂದ ಬಂದಿದ್ದು, ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಭಯಪಡುವಂಥ ಕಾರಣವಿಲ್ಲದಿದ್ದರೆ, ಅವರ ಕ್ರಮದಲ್ಲಿ ಸಣ್ಣಪುಟ್ಟ ಕಾನೂನು ಲೋಪ ಇದ್ದರೂ ಅವರ ವಿರುದ್ಧ ಈ ಹಕ್ಕು ಬಳಸುವಂತಿಲ್ಲ.

ಅಂಗಳದ ರಾತ್ರಿ: ಒಂದು ಉದಾಹರಣೆ

ಬೆಳೆಗಾರರಿಗೆ ಹೇಳಿದ ಉದಾಹರಣೆಯನ್ನೇ ಹಂತಹಂತವಾಗಿ ಬಿಡಿಸುತ್ತೇನೆ. ಇದು ಕಲ್ಪಿತ. ಡಿಸೆಂಬರ್ ತಿಂಗಳು, ರಾತ್ರಿ ಎರಡು ಗಂಟೆ. ಸುತ್ತ ಗೋಡೆಯಿಲ್ಲದ ತೆರೆದ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿದೆ. ನಾಯಿ ಬೊಗಳಿತು. ಮನೆಯ ಯಜಮಾನ ಟಾರ್ಚು, ಕೈಗೊಂದು ದೊಣ್ಣೆ ಹಿಡಿದು ಹೊರಗೆ ಬಂದ. ಮೂವರು ಅಡಿಕೆಯನ್ನು ಚೀಲಕ್ಕೆ ತುಂಬುತ್ತಿದ್ದಾರೆ. ರಸ್ತೆಯಲ್ಲಿ ಬೈಕು ನಿಂತಿದೆ.

ಮೊದಲನೇ ಹಂತ. ಮೂವರ ಕೈಯಲ್ಲೂ ಆಯುಧ ಕಾಣುತ್ತಿಲ್ಲ. ಇದು ಕಳ್ಳತನ. ಯಜಮಾನನಿಗೆ ಆಸ್ತಿ ರಕ್ಷಣೆಯ ಹಕ್ಕಿದೆ. ಕೂಗಬಹುದು, ಚೀಲ ಕಸಿದುಕೊಳ್ಳಬಹುದು, ತಳ್ಳಬಹುದು, ಚೀಲ ಬಿಡಲಿಲ್ಲವೆಂದರೆ ಕೈಗೋ ಕಾಲಿಗೋ ಒಂದು ಏಟು ಹಾಕಬಹುದು. ಬರೀ ಕಳ್ಳತನಕ್ಕೆ ಜೀವ ತೆಗೆಯುವ ಹಕ್ಕು ಮಾತ್ರ ಇಲ್ಲ. ತಲೆಗೆ ಗುರಿಯಿಟ್ಟು ಹೊಡೆಯುವುದು, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನು ಮನುಷ್ಯನ ಮೈಗೆ ಹಾರಿಸುವುದು ಈ ಹಂತದಲ್ಲಿ ಮಿತಿ ಮೀರಿದ ಬಲಪ್ರಯೋಗ. ಚೀಲದಲ್ಲಿ ಲಕ್ಷ ರೂಪಾಯಿಯ ಮಾಲು ಇದೆ ಎಂದರೂ ಅಷ್ಟೆ. ಮಾಲಿನ ಬೆಲೆ ಏರಿದಂತೆ ಈ ಹಕ್ಕು ಏರುವುದಿಲ್ಲ.

ಎರಡನೇ ಹಂತ. ಮೂವರಲ್ಲಿ ಒಬ್ಬ ಸೊಂಟದಿಂದ ಕತ್ತಿ ತೆಗೆದು ಯಜಮಾನನತ್ತ ನುಗ್ಗಿದ. ಈಗ ಅಡಿಕೆಯ ಮಾತು ಹಿಂದೆ ಸರಿದು ಜೀವದ ಮಾತು ಮುಂದೆ ಬಂತು. 38ನೇ ಕಲಂ ಪ್ರಕಾರ ಸಾವು ಅಥವಾ ತೀವ್ರ ಗಾಯ ಆಗಬಹುದೆಂಬ ಭಯ ಹುಟ್ಟಿಸುವ ಹಲ್ಲೆಯಾದರೆ ಎದುರಾಳಿಯ ಸಾವಿನವರೆಗೂ ಹಕ್ಕು ಚಾಚುತ್ತದೆ. ತೀವ್ರ ಗಾಯ ಎಂದರೆ ಅಷ್ಟು ದೂರದ್ದೇನೂ ಅಲ್ಲ. 116ನೇ ಕಲಂ ಪ್ರಕಾರ ಮೂಳೆ ಮುರಿದರೂ, ಹಲ್ಲು ಮುರಿದರೂ ಅದು ತೀವ್ರ ಗಾಯವೇ. ಮೊದಲ ಏಟು ಬೀಳುವವರೆಗೆ ಯಜಮಾನ ಕಾಯಬೇಕಿಲ್ಲ. ಅಪಾಯ ಬಂದಿದೆ ಎಂಬ ಸಕಾರಣ ಭಯ ಹುಟ್ಟಿದ ಕ್ಷಣದಿಂದಲೇ ಹಕ್ಕು ಶುರುವಾಗುತ್ತದೆ ಎಂದು 40ನೇ ಕಲಂ ಹೇಳುತ್ತದೆ. ಆಗ ಬೀಸಿದ ದೊಣ್ಣೆ ಕತ್ತಿಯವನ ತಲೆಗೆ ಬಿದ್ದು ಅವನು ಸತ್ತರೂ ಅದು ಅಪರಾಧವಲ್ಲ.

ಮೂರನೇ ಹಂತಕ್ಕೆ ಬನ್ನಿ, ಹೆಚ್ಚು ಜನ ಎಡವುವುದು ಇಲ್ಲಿ. ಏಟು ತಲೆಗೆ ಬೀಳಲಿಲ್ಲ, ಮುಂಗೈಗೆ ಬಿತ್ತು ಅಂದುಕೊಳ್ಳಿ. ಕತ್ತಿ ಕೆಳಗೆ ಬಿತ್ತು, ಅವನು ಬೆನ್ನು ತಿರುಗಿಸಿ ಓಡಿದ. ಅವನಿಂದ ಜೀವಕ್ಕಿದ್ದ ಅಪಾಯ ಅಲ್ಲಿಗೆ ಮುಗಿಯಿತು. ಭಯ ಇರುವಷ್ಟು ಹೊತ್ತು ಮಾತ್ರ ದೇಹರಕ್ಷಣೆಯ ಹಕ್ಕು. ಯಜಮಾನ ಬಿದ್ದ ಕತ್ತಿಯನ್ನೇ ಎತ್ತಿಕೊಂಡು ತೋಟದ ಬೇಲಿಯವರೆಗೆ ಬೆನ್ನಟ್ಟಿ ಕಡಿದರೆ, ಆ ಏಟಿಗೆ ಆತ್ಮರಕ್ಷಣೆಯ ಹೆಸರಿಲ್ಲ. ಎರಡನೆಯವನು ಚೀಲ ಹೊತ್ತು ಬೈಕಿನತ್ತ ಓಡುತ್ತಿದ್ದರೆ ಅವನನ್ನು ಅಟ್ಟಿಸಿಕೊಂಡು ಹೋಗಿ ಚೀಲ ಬಿಡಿಸಿಕೊಳ್ಳಬಹುದು. 43ನೇ ಕಲಂ ಪ್ರಕಾರ ಕಳ್ಳ ಮಾಲಿನೊಂದಿಗೆ ತಪ್ಪಿಸಿಕೊಳ್ಳುವವರೆಗೆ, ಅಥವಾ ಪೊಲೀಸರ ನೆರವು ಸಿಗುವವರೆಗೆ, ಅಥವಾ ಮಾಲು ಕೈಗೆ ಬರುವವರೆಗೆ ಆಸ್ತಿ ರಕ್ಷಣೆಯ ಹಕ್ಕು ಇರುತ್ತದೆ. ಆದರೆ ಅದು ಮೊದಲನೇ ಹಂತದ ಸಣ್ಣ ಹಕ್ಕು. ಒಂದು ನಿಮಿಷ ಮುಂಚೆ ಇದ್ದ ದೊಡ್ಡ ಹಕ್ಕು ಅದರ ಜೊತೆ ಮರಳಿ ಬರುವುದಿಲ್ಲ.

ನಾಲ್ಕನೇ ಹಂತ. ಮೂರನೆಯವನು ಎಡವಿ ಬಿದ್ದು ಸಿಕ್ಕಿಬಿದ್ದ. ಗಲಾಟೆ ಕೇಳಿ ಕೇರಿಯವರೆಲ್ಲ ಬಂದರು. ಅವನನ್ನು ಹಲಸಿನ ಮರಕ್ಕೆ ಕಟ್ಟಿದರು, ಬೆಳಗಾಗುವವರೆಗೆ ಬಂದವರೆಲ್ಲ ಒಂದೊಂದು ಕೊಟ್ಟರು. ಬೆಳಿಗ್ಗೆ ಅವನಿಗೆ ಉಸಿರಿಲ್ಲ. ಇಲ್ಲಿ ಆತ್ಮರಕ್ಷಣೆಯ ಮಾತೇ ಬರುವುದಿಲ್ಲ. ಕಟ್ಟಿಹಾಕಿದವನಿಂದ ಯಾರಿಗೂ ಅಪಾಯವಿರಲಿಲ್ಲ. ಒಂದೇ ಏಟು ಕೊಟ್ಟವನು, ಹಗ್ಗ ತಂದುಕೊಟ್ಟವನು ಕೂಡ ಸಮಾನ ಉದ್ದೇಶ, ಅಕ್ರಮ ಕೂಟ ಎಂಬ ಕಲಂಗಳಡಿ ಕೊಲೆ ಕೇಸಿನೊಳಗೆ ಬರಬಹುದು. "ಅವನು ಕಳ್ಳ ತಾನೇ" ಎನ್ನುವುದು ಕೋರ್ಟಿನಲ್ಲಿ ಉತ್ತರವಾಗುವುದಿಲ್ಲ. ಇಂಥ ಕೇಸುಗಳಲ್ಲಿ ಇಡೀ ಕೇರಿಯ ಗಂಡಸರು ಜಾಮೀನಿಗಾಗಿ ಅಲೆಯುವುದನ್ನು, ಸತ್ತವನ ಮನೆಯವರು ಶವಾಗಾರದ ಹೊರಗೆ ಕೂತಿರುವುದನ್ನು ನೋಡಿದ್ದೇನೆ. ಎರಡೂ ಕಡೆಯ ಆ ಸಂಕಟ ತಪ್ಪಬಹುದಾಗಿತ್ತು.

ಹಾಗಾದರೆ ಸಿಕ್ಕವನನ್ನು ಏನು ಮಾಡಬೇಕು? ಬಂಧನ, ತನಿಖೆ, ವಿಚಾರಣೆಯ ಕ್ರಮ ಹೇಳುವ ಇನ್ನೊಂದು ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ; ಅದರ 40ನೇ ಕಲಂನಲ್ಲಿ ಉತ್ತರವಿದೆ. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ, ಜಾಮೀನು ಸಿಗದಂಥ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯ ಜನರೂ ಆ ವ್ಯಕ್ತಿಯನ್ನು ಹಿಡಿಯಬಹುದು. ಅನಗತ್ಯವಾಗಿ ತಡಮಾಡದೆ, ತಡವಾದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಓಡಿಹೋಗದಂತೆ ಹಿಡಿದಿಡಿ, 112ಕ್ಕೆ ಕರೆ ಮಾಡಿ, ಅವನಿಗೆ ಗಾಯವಾಗಿದ್ದರೆ ನೀರು ಕೊಡಿ, ಆಂಬುಲೆನ್ಸ್ ಕರೆಸಿ. ಅವನ ಮೈಮುಟ್ಟಲು ಬಂದವರನ್ನು ತಡೆಯುವುದು ಮನೆಯ ಯಜಮಾನನದೇ ಕೆಲಸ, ಏಕೆಂದರೆ ಎಫ್‌ಐಆರ್‌ನಲ್ಲಿ ಮೊದಲ ಹೆಸರು ಅವನದೇ ಇರುತ್ತದೆ.

ಅಂಗಳ ಬೇರೆ, ಬೀಗ ಹಾಕಿದ ಕೋಣೆ ಬೇರೆ

ಅದೇ ಕಳ್ಳರು ಅಂಗಳ ಬಿಟ್ಟು ಅಡಿಕೆ ದಾಸ್ತಾನಿನ ಕೋಣೆಯ ಬೀಗ ಒಡೆದಿದ್ದರೆ ಲೆಕ್ಕ ಬೇರೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕನ್ನ ಹಾಕಿ ಒಳಬಂದರೆ, ಸುಲಿಗೆ ಮಾಡಿದರೆ, ಜನ ವಾಸಿಸುವ ಅಥವಾ ಮಾಲು ಇಡುವ ಕಟ್ಟಡಕ್ಕೆ ಬೆಂಕಿಯಿಂದಲೋ ಸ್ಫೋಟಕದಿಂದಲೋ ಹಾನಿ ಮಾಡಹೊರಟರೆ, ಆಸ್ತಿ ರಕ್ಷಣೆಯ ಹಕ್ಕು ಕೂಡ ಸಾವಿನವರೆಗೆ ಹೋಗುತ್ತದೆ ಎಂದು ನ್ಯಾಯ ಸಂಹಿತೆಯ 41ನೇ ಕಲಂ ಹೇಳುತ್ತದೆ. ಕನ್ನ ಎಂದರೆ ಗೋಡೆ ಕೊರೆಯುವುದೊಂದೇ ಅಲ್ಲ; ಬೀಗ ಒಡೆದು, ಹೆಂಚು ಸರಿಸಿ, ಗೋಡೆ ಹತ್ತಿ ಒಳಬಂದರೂ ಅದರಲ್ಲಿ ಸೇರುತ್ತದೆ. ಮಾಲು ಕಾಪಿಡುವ ಕಟ್ಟಡಕ್ಕೂ ಇದು ಅನ್ವಯಿಸುತ್ತದೆ. ಕತ್ತಲಲ್ಲಿ ಒಳಬಂದವನ ಕೈಯಲ್ಲಿ ಏನಿದೆ, ಮನಸ್ಸಿನಲ್ಲಿ ಏನಿದೆ ಎಂದು ಒಳಗಿದ್ದವರಿಗೆ ತಿಳಿಯುವುದಿಲ್ಲ. ಕಾನೂನು ಅವರ ಭಯವನ್ನು ಗೌರವಿಸುತ್ತದೆ.

ಇಷ್ಟಾದರೂ 37ನೇ ಕಲಂನ ಲಗಾಮು ಇಲ್ಲೂ ಬಿಡುವುದಿಲ್ಲ. ಬೀಗ ಒಡೆದ ಹುಡುಗ ದೀಪ ಹಾಕಿದ ಕೂಡಲೇ ಮೂಲೆಯಲ್ಲಿ ಕೈಮುಗಿದು ಕೂತರೆ ಅವನನ್ನು ಕೊಲ್ಲಲು 41ನೇ ಕಲಂ ಪರವಾನಗಿಯಲ್ಲ. ಹಾಗೆಯೇ ಹಕ್ಕು ಉಳಿಯುವುದು ಆ ಅತಿಕ್ರಮ ಪ್ರವೇಶ ಮುಂದುವರಿದಿರುವಷ್ಟು ಹೊತ್ತು. ಕಿಟಕಿಯಿಂದ ಹಾರಿ ಓಡಿದವನಿಗೆ ಹಿಂದಿನಿಂದ ಗುಂಡು ಹೊಡೆದರೆ ಅದು ಆ ಹೊತ್ತಿನಾಚೆಗೆ ಬಿತ್ತು.

ಎಷ್ಟು ಬಲ ಹೆಚ್ಚಾಯಿತು ಎಂದು ಅಳೆಯುವುದು ಹೇಗೆ

ದೊಣ್ಣೆಗೆ ದೊಣ್ಣೆ, ಕತ್ತಿಗೆ ಕತ್ತಿ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ಕೋರ್ಟು ಹಾಗೆ ತೂಗುವುದಿಲ್ಲ. ದೇವ್ ನಾರಾಯಣ್ ವಿರುದ್ಧ ಉತ್ತರ ಪ್ರದೇಶ ರಾಜ್ಯ ಪ್ರಕರಣದಲ್ಲಿ (1973ರ ವರದಿ) ಆರೋಪಿಯ ತಲೆಗೆ ಲಾಠಿ ಏಟು ಬಿದ್ದಿತ್ತು, ಅವನು ಭರ್ಜಿಯಿಂದ ತಿವಿದ, ಎದುರಾಳಿ ಸತ್ತ. ಬರೀ ಲಾಠಿಗೆ ಭರ್ಜಿ ಎತ್ತಿದ್ದು ಹೆಚ್ಚಾಯಿತು ಎಂಬುದು ಹೈಕೋರ್ಟಿನ ನಿಲುವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಲೆಯಂಥ ಜಾಗಕ್ಕೆ ಬೀಳುವ ಲಾಠಿ ಏಟು ಕೂಡ ಜೀವ ತೆಗೆಯಬಲ್ಲದು ಎಂದು ಹೇಳಿ ಅವನನ್ನು ಬಿಡುಗಡೆ ಮಾಡಿತು. ಆಯುಧದ ಹೆಸರಿಗಿಂತ ಅದು ಯಾವ ಅಪಾಯ ತರುತ್ತಿತ್ತು ಎನ್ನುವುದು ಮುಖ್ಯ.

ಕ್ಷಣದಲ್ಲಿ ಮಾಡಿದ ಅಂದಾಜನ್ನು ಕೋರ್ಟು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗುವುದೂ ಇಲ್ಲ. 2010ರ ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ತೀರ್ಪು ಈ ವಿಷಯದ ತತ್ವಗಳನ್ನೆಲ್ಲ ಒಟ್ಟಿಗೆ ಪಟ್ಟಿ ಮಾಡಿದೆ. ಏಟು ತಿನ್ನುತ್ತಿರುವ ಮನುಷ್ಯ ಪ್ರತಿ ಏಟನ್ನೂ ಲೆಕ್ಕ ಹಾಕಿ ಅಳತೆ ಮಾಡಿ ಕೊಡಬೇಕೆಂದು ನಿರೀಕ್ಷಿಸುವುದು ವಾಸ್ತವಕ್ಕೆ ದೂರ ಎನ್ನುವುದು ಅದರ ಮಾತು. ಆದರೆ ಬಲಪ್ರಯೋಗ ಅಪಾಯದ ಪ್ರಮಾಣವನ್ನು ತೀರಾ ಮೀರಿಯೂ ಇರಬಾರದು ಎಂದು ಅದೇ ತೀರ್ಪು ಹೇಳುತ್ತದೆ.

ಬಾಗಿಲು ಮುರಿಯುವವರೆಗೆ ಕಾಯಬೇಕೇ ಎಂಬ ಪ್ರಶ್ನೆಗೆ 1952ರಷ್ಟು ಹಿಂದೆಯೇ ಉತ್ತರ ಸಿಕ್ಕಿದೆ. ಮಧ್ಯಪ್ರದೇಶದ ಕಟ್ನಿಯಲ್ಲಿ 1950ರ ಮಾರ್ಚಿನಲ್ಲಿ ಕೋಮುಗಲಭೆ. ಅಮ್ಜದ್ ಖಾನ್ ಎಂಬ ಅಂಗಡಿಕಾರನ ಪಕ್ಕದಲ್ಲೇ ಇದ್ದ ಅಣ್ಣನ ಭಾಗಕ್ಕೆ ಗುಂಪು ನುಗ್ಗಿ ಲೂಟಿ ಮಾಡಿತ್ತು, ಈಗ ಇವನ ಬಾಗಿಲನ್ನು ಲಾಠಿಗಳಿಂದ ಬಡಿಯುತ್ತಿತ್ತು. ಅವನು ಎರಡು ಗುಂಡು ಹಾರಿಸಿದ. ಒಬ್ಬ ಸತ್ತ, ಮೂವರು ಗಾಯಗೊಂಡರು. ಗುಂಪು ಒಳಗೆ ನುಗ್ಗಿ ತನ್ನವರ ಮೇಲೆ ಕೈಮಾಡುವವರೆಗೆ ಅವನು ಕಾಯಬೇಕಾಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆ ಮಾಡಿತು.

ಇದರ ಎದುರಿಗೆ ಜೈ ದೇವ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣವನ್ನು (1963ರ ವರದಿ) ಇಟ್ಟು ನೋಡಿ. ಹೊಲದ ಜಗಳ, ಗುಂಪೊಂದು ಮೇಲೆ ಬಿತ್ತು, ಆರೋಪಿಗಳಿಗೆ ಆತ್ಮರಕ್ಷಣೆಯ ಹಕ್ಕು ಇತ್ತು. ಆದರೆ ಬಂದವರು ಓಡತೊಡಗಿದ ಮೇಲೂ ಗುಂಡು ನಿಲ್ಲಲಿಲ್ಲ. ಭಯ ಕಳೆದ ಕೂಡಲೇ ಹಕ್ಕು ಕಳೆಯಿತು ಎಂದ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಅಮ್ಜದ್ ಖಾನನ ಕೈಯಲ್ಲೂ ಬಂದೂಕಿತ್ತು, ಇವರ ಕೈಯಲ್ಲೂ ಬಂದೂಕಿತ್ತು. ವ್ಯತ್ಯಾಸ ಇದ್ದದ್ದು ಗುಂಡು ಹಾರಿದ ಹೊತ್ತಿನಲ್ಲಿ.

ಆ ಹೊತ್ತು ಯಾವುದು ಎಂದು ವರ್ಷಗಳ ನಂತರ ಕೋರ್ಟಿಗೆ ಹೇಳುವುದು ಶವಪರೀಕ್ಷೆಯ ವರದಿ ಮತ್ತು ಪೊಲೀಸರು ಸ್ಥಳದಲ್ಲಿ ಬರೆಯುವ ಮಹಜರು. ಗಾಯ ಎದೆಯ ಮೇಲಿದೆಯೋ ಬೆನ್ನ ಮೇಲಿದೆಯೋ, ಒಂದಿದೆಯೋ ಹದಿನೈದಿವೆಯೋ, ಮಲಗಿದವನ ಮೇಲೆ ಬಿದ್ದ ಏಟಿನಂತಿದೆಯೋ, ಗುಂಡು ಎಷ್ಟು ದೂರದಿಂದ ಬಂತು, ರಕ್ತ ಬಿದ್ದದ್ದು ಅಂಗಳದಲ್ಲೋ ಬೇಲಿಯಾಚೆಯೋ. ಬೆನ್ನ ಮೇಲೆ ಒಂದು ಗಾಯ ಇದ್ದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಎಳೆದಾಟದಲ್ಲಿ ಎದುರಾಳಿ ತಿರುಗಿದಾಗಲೂ ಹಾಗೆ ಬೀಳಬಹುದು. ಆದರೆ ಬೆನ್ನ ಮೇಲೆ ಆರು ಗಾಯ, ಮುಂದೆ ಒಂದೂ ಇಲ್ಲ ಎಂದರೆ ವಕೀಲ ಏನು ವಾದಿಸಿದರೂ ಆ ವರದಿ ಬೇರೆಯದನ್ನೇ ಹೇಳುತ್ತಿರುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ

ಮಿತಿ ಮೀರಿದ ಕೂಡಲೇ ಎಲ್ಲವೂ ಕೊಲೆಯಾಗುವುದಿಲ್ಲ. 101ನೇ ಕಲಂನ ಎರಡನೇ ವಿನಾಯಿತಿ ಇಂಥವರಿಗಾಗಿಯೇ ಇದೆ. ಸದ್ಭಾವನೆಯಿಂದ ರಕ್ಷಣೆಗೆ ಇಳಿದು, ಮೊದಲೇ ಯೋಜಿಸದೆ, ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವೂ ಇಲ್ಲದೆ ಮಿತಿ ದಾಟಿ ಸಾವಾದರೆ ಅದು ಕೊಲೆಯಲ್ಲದ ದಂಡನೀಯ ನರಹತ್ಯೆ. ಕಾನೂನು ಪುಸ್ತಕದಲ್ಲೇ ಒಂದು ಉದಾಹರಣೆ ಇದೆ: ಒಬ್ಬ ಚಾವಟಿಯಿಂದ ಹೊಡೆಯಲು ಬರುತ್ತಾನೆ, ತೀವ್ರ ಗಾಯವಾಗುವಂಥ ಹೊಡೆತವಲ್ಲ. ಇನ್ನೊಬ್ಬ ಪಿಸ್ತೂಲು ತೋರಿಸಿದರೂ ಅವನು ನಿಲ್ಲುವುದಿಲ್ಲ. ಬೇರೆ ದಾರಿಯಿಲ್ಲವೆಂದು ನಂಬಿ ಗುಂಡು ಹೊಡೆದು ಕೊಂದರೆ, ಅದು ಕೊಲೆಯಲ್ಲ, ಆದರೆ ಅಪರಾಧ ಹೌದು.

ಶಿಕ್ಷೆಯಲ್ಲಿ ಅಂತರ ದೊಡ್ಡದು. ಕೊಲೆಗೆ 103ನೇ ಕಲಂ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ. 105ನೇ ಕಲಂನಲ್ಲಿ ಕೊಲ್ಲುವ ಉದ್ದೇಶವಿದ್ದರೆ ಜೀವಾವಧಿ ಅಥವಾ ಐದರಿಂದ ಹತ್ತು ವರ್ಷ, ಸಾವು ಸಂಭವಿಸಬಹುದೆಂಬ ಅರಿವು ಮಾತ್ರ ಇದ್ದರೆ ಹತ್ತು ವರ್ಷದವರೆಗೆ. ಮರಕ್ಕೆ ಕಟ್ಟಿ ಹೊಡೆದವರಿಗೆ ಈ ವಿನಾಯಿತಿಯ ನೆರಳೂ ಸಿಗುವುದಿಲ್ಲ. ಮೀರುವುದಕ್ಕೆ ಮೊದಲು ಹಕ್ಕಾದರೂ ಇರಬೇಕಲ್ಲ.

ಹಕ್ಕೇ ಹುಟ್ಟದ ಕಡೆ

ಜಗಳ ಹುಡುಕಿಕೊಂಡು ಹೋದವರಿಗೆ ಈ ಹಕ್ಕು ಇಲ್ಲ. ಉತ್ತರ ಪ್ರದೇಶದ ಬದಾಯೂಂ ತರಕಾರಿ ಮಂಡಿಯಲ್ಲಿ ಖರ್ಬೂಜದ ಬುಟ್ಟಿಯೊಂದರ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಒಬ್ಬ ಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದೂಕು, ಚಾಕು, ಲಾಠಿಯೊಂದಿಗೆ ವಾಪಸು ಬಂದ. ಮಂಡಿಯ ಗುತ್ತಿಗೆದಾರ ಗುಂಡಿಗೆ ಬಲಿಯಾದ. ಗುತ್ತಿಗೆದಾರನ ಕಡೆಯವರೇ ತಮ್ಮ ಮೇಲೆ ಬಿದ್ದರು ಎಂಬ ಆತ್ಮರಕ್ಷಣೆಯ ವಾದವನ್ನು ಸುಪ್ರೀಂ ಕೋರ್ಟ್ 1974ರಲ್ಲಿ ತಳ್ಳಿಹಾಕಿತು. ನಮ್ಮ ಹಳ್ಳಿಗಳ ಗಡಿ ಜಗಳಗಳಲ್ಲಿ ಇದೇ ಕಥೆ ಬೇರೆ ಬೇರೆ ರೂಪದಲ್ಲಿ ನಡೆಯುತ್ತದೆ. ಪಕ್ಕದ ಜಮೀನಿನವರು ನಾಳೆ ಬೇಲಿ ಕೀಳುತ್ತಾರೆ ಎಂದು ಇವತ್ತು ಸಂಜೆಯೇ ಗೊತ್ತಾದರೆ ಠಾಣೆಗೆ ಹೋಗಲು ಸಮಯ ಇದೆ ಎಂದೇ ಅರ್ಥ. ಅದನ್ನು ಬಿಟ್ಟು ಹತ್ತು ಜನ ಸೇರಿಸಿ ಮಚ್ಚು ಹಿಡಿದು ಕಾದರೆ ಕೋರ್ಟು ಅದನ್ನು ಎರಡು ಗುಂಪುಗಳ ಹೊಡೆದಾಟ ಎಂದೇ ನೋಡುವ ಸಾಧ್ಯತೆ ಹೆಚ್ಚು.

ಹಾಗೆಂದು ಅಪಾಯ ಎದುರಿಗೆ ಬಂದು ನಿಂತಾಗ ಓಡಿಹೋಗಲೇಬೇಕು ಎಂದು ನಮ್ಮ ಕಾನೂನು ಹೇಳುವುದಿಲ್ಲ. ಠಾಣೆ ಹದಿನೆಂಟು ಕಿಲೋಮೀಟರ್ ದೂರದಲ್ಲಿದ್ದು ಕತ್ತಿ ಮೂರು ಮೊಳ ದೂರದಲ್ಲಿದ್ದರೆ "ಪೊಲೀಸರಿಗೆ ಯಾಕೆ ಹೇಳಲಿಲ್ಲ" ಎಂಬ ಪ್ರಶ್ನೆಗೆ ಜಾಗವಿಲ್ಲ.

ಹೆಣ್ಣುಮಕ್ಕಳು 38ನೇ ಕಲಂನ ಉಳಿದ ಭಾಗಗಳನ್ನು ತಿಳಿದಿರಬೇಕು. ಅತ್ಯಾಚಾರದ ಉದ್ದೇಶದ ಹಲ್ಲೆ, ಅಪಹರಣದ ಉದ್ದೇಶದ ಹಲ್ಲೆ, ಬಿಡಿಸಿಕೊಳ್ಳಲು ಪೊಲೀಸರನ್ನು ತಲುಪಲಾಗದಂತೆ ಕೂಡಿಹಾಕುವ ಉದ್ದೇಶದ ಹಲ್ಲೆ, ಆಸಿಡ್ ಎರಚುವ ಪ್ರಯತ್ನ, ಇವೆಲ್ಲದರಲ್ಲೂ ಹಕ್ಕು ಎದುರಾಳಿಯ ಸಾವಿನವರೆಗೆ ಹೋಗುತ್ತದೆ. ಅವನ ಕೈಯಲ್ಲಿ ಆಯುಧ ಇರಲೇಬೇಕೆಂದಿಲ್ಲ. ಆ ಕ್ಷಣದಲ್ಲಿ ಕೈಗೆ ಸಿಕ್ಕ ಕಲ್ಲು, ಕುಡುಗೋಲು ಯಾವುದರಿಂದ ಹೊಡೆದರೂ ಅದು ಅವಳ ಹಕ್ಕು.

ತಂತಿಗೆ ಕರೆಂಟು ಕೊಡಬೇಡಿ

ಬೆಳೆಗಾರರು ಏಳುವ ಹೊತ್ತಿಗೆ, "ಹಾಗಾದ್ರೆ ಅಂಗಳದ ಸುತ್ತ ತಂತಿ ಎಳೆದು ಕರೆಂಟು ಬಿಟ್ಟರಾಯ್ತು, ನಾನು ಹೊಡೆಯೋದೇ ಬೇಡ" ಎಂದರು. ನನಗೆ ಎದೆ ಝಲ್ಲೆಂದಿತು. ಚೆರುಬಿನ್ ಗ್ರೆಗರಿ ವಿರುದ್ಧ ಬಿಹಾರ ರಾಜ್ಯ ಪ್ರಕರಣ ನಡೆದದ್ದು ಹೀಗೆ: ಅಕ್ಕಪಕ್ಕದವರು ತನ್ನ ಶೌಚಾಲಯ ಬಳಸದಿರಲೆಂದು ಒಬ್ಬ ಅದರ ದಾರಿಗೆ ಬರಿ ತಂತಿ ಕಟ್ಟಿ ಕರೆಂಟು ಹರಿಸಿದ. ಪಕ್ಕದ ಮನೆಯ ಹೆಂಗಸೊಬ್ಬಳು ತಗುಲಿ ಸತ್ತಳು. ತನ್ನ ಜಾಗಕ್ಕೆ ಅತಿಕ್ರಮವಾಗಿ ಬಂದಳು ಎಂಬ ವಾದ 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, ಶಿಕ್ಷೆ ಉಳಿಯಿತು. ತಂತಿಗೆ ಕಳ್ಳನೂ ಒಂದೇ, ನಸುಕಿನಲ್ಲಿ ಹಾಲು ತರುವ ಹುಡುಗನೂ ಒಂದೇ. ಎದುರಿಗಿರುವ ಅಪಾಯವನ್ನು ನೋಡಿ ಬಲವನ್ನು ಅಳೆಯುವ ಮನುಷ್ಯ ಅಲ್ಲಿ ಇಲ್ಲ. ಆ ಅಳತೆಯ ಮೇಲೆಯೇ ನಿಂತ ಹಕ್ಕು ಅಲ್ಲಿ ನಿಲ್ಲುವುದಿಲ್ಲ.

ದೀಪ ಹಾಕಿ, ಗಂಟೆ ಕಟ್ಟಿ, ಕ್ಯಾಮೆರಾ ಇಡಿ ಎಂದೆ. ಹಿಂದಿನ ಎರಡು ಕಳ್ಳತನಗಳ ದೂರು ಕೊಟ್ಟು ರಾತ್ರಿ ಗಸ್ತಿಗೆ ಲಿಖಿತ ಮನವಿ ಕೊಡಿ ಎಂದೆ. ಮುಂದೆ ಏನಾದರೂ ನಡೆದರೆ, ನೀವು ಮೊದಲು ಪೊಲೀಸರ ಬಾಗಿಲು ತಟ್ಟಿದ್ದಿರಿ ಎಂಬುದಕ್ಕೆ ಆ ಮನವಿಯೇ ಸಾಕ್ಷಿಯಾಗುತ್ತದೆ.

ಏಟು ಬಿದ್ದ ಮೇಲಿನ ಕೆಲವು ಗಂಟೆ

ಮೊದಲು 112ಕ್ಕೆ ಕರೆ, ಅದೂ ನಿಮ್ಮದೇ ಫೋನಿನಿಂದ. ಕರೆಯ ಸಮಯ ದಾಖಲಾಗುತ್ತದೆ. ಬಿದ್ದವನಿಗೆ ಆಂಬುಲೆನ್ಸ್ ಕೇಳಿ. ಕತ್ತಿ, ದೊಣ್ಣೆ, ಚೀಲ ಬಿದ್ದಲ್ಲೇ ಇರಲಿ. ತೊಳೆಯುವುದು, ಬಚ್ಚಿಡುವುದು, ಅಂಗಳಕ್ಕೆ ನೀರು ಹಾಕುವುದು ನಿಮ್ಮ ಪರವಾದ ಸಾಕ್ಷ್ಯವನ್ನು ನೀವೇ ಅಳಿಸಿದಂತೆ.

ನಿಮಗೆ ಆದ ಗಾಯ ಚಿಕ್ಕದಾದರೂ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೆ ಆಯಿತೆಂದು ವೈದ್ಯರಿಗೆ ಹೇಳಿ, ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ, ಎಂದು ಬರೆಸಿ. ಮುಂದೆ ಗಾಯದ ಪ್ರಮಾಣಪತ್ರವಾದ ವೂಂಡ್ ಸರ್ಟಿಫಿಕೇಟ್ ಅದರ ಮೇಲೇ ಬರುತ್ತದೆ. ಆರೋಪಿಯ ಮೈಮೇಲೆ ಅದೇ ಹೊತ್ತಿನಲ್ಲಿ ಆದ ಗಂಭೀರ ಗಾಯಗಳಿದ್ದು, ಸರ್ಕಾರದ ಪರವಾಗಿ ಕೇಸು ನಡೆಸುವ ಪ್ರಾಸಿಕ್ಯೂಷನ್ ಅವನ್ನು ವಿವರಿಸದಿದ್ದರೆ, ಅವರು ಘಟನೆಯ ನಿಜವಾದ ಮೂಲವನ್ನು ಮುಚ್ಚಿಟ್ಟಿದ್ದಾರೆ ಎಂದು ಕೋರ್ಟು ಭಾವಿಸಬಹುದು. 1976ರ ಲಕ್ಷ್ಮೀ ಸಿಂಗ್ ವಿರುದ್ಧ ಬಿಹಾರ ರಾಜ್ಯ ತೀರ್ಪಿನ ಸಾರ ಇದು. ಅರಿಸಿನ ಹಚ್ಚಿಕೊಂಡು ಮನೆಯಲ್ಲೇ ಉಳಿದವರಿಗೆ ಈ ಅನುಕೂಲ ಸಿಗುವುದಿಲ್ಲ.

ನಾನು ಅತಿ ಹೆಚ್ಚು ನೋಡಿದ ತಪ್ಪು ಇನ್ನೊಂದಿದೆ. ಹೆದರಿ, ಊರವರ ಮಾತು ಕೇಳಿ, "ನಾನು ಅಲ್ಲಿರಲೇ ಇಲ್ಲ" ಎಂದುಬಿಡುವುದು. ಆಮೇಲೆ ಆತ್ಮರಕ್ಷಣೆ ಎಂದರೆ ಯಾರು ನಂಬುತ್ತಾರೆ? ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಪ್ರಕಾರ ವಿನಾಯಿತಿ ತೋರಿಸುವ ಹೊಣೆ ಆರೋಪಿಯದು. ಆದರೆ ಪ್ರಾಸಿಕ್ಯೂಷನ್ ಹಾಗೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ಕಡತದಲ್ಲಿರುವ ಸಾಕ್ಷ್ಯದಿಂದ ಅದು ಕಂಡುಬಂದರೆ ಕೋರ್ಟು ಪರಿಗಣಿಸಬಹುದು. ಸುಳ್ಳು ಹೇಳಿದವನಿಗೆ ಮಾತ್ರ ಆ ದಾರಿ ಬಹಳ ಕಿರಿದಾಗುತ್ತದೆ.

ನೀವೂ ದೂರು ಕೊಡಿ. ಎದುರಾಳಿಯ ದೂರು ಮೊದಲೇ ದಾಖಲಾಗಿದ್ದರೂ ಪ್ರತಿದೂರು ಕೊಡುವ ಹಕ್ಕು ನಿಮಗಿದೆ. ಗಾಯವೋ ಸಾವೋ ಆಗಿದ್ದರೆ ಬರೆಯುವ ಮುನ್ನ ವಕೀಲರೊಬ್ಬರ ಜೊತೆ ಮಾತಾಡಿ. ದೂರಿನಲ್ಲಿ ಸಿಟ್ಟಿನ ವಿಶೇಷಣ ಬೇಡ, ನಡೆದ ಕ್ರಮ ಸಾಕು. ಹೀಗೆ: "ರಾತ್ರಿ ಸುಮಾರು 2 ಗಂಟೆಗೆ ನಾಯಿ ಬೊಗಳಿದ್ದರಿಂದ ಟಾರ್ಚು ಮತ್ತು ದೊಣ್ಣೆ ಹಿಡಿದು ಹೊರಗೆ ಬಂದೆನು. ಮೂವರು ಅಪರಿಚಿತರು ಅಡಿಕೆಯನ್ನು ಚೀಲಕ್ಕೆ ತುಂಬುತ್ತಿದ್ದರು. ಕೂಗಿದಾಗ ಅವರಲ್ಲಿ ಒಬ್ಬನು ಕತ್ತಿ ಎತ್ತಿ ನನ್ನ ಮೇಲೆ ಬಂದನು. ಕಡಿಯುತ್ತಾನೆಂದು ಭಯವಾಗಿ ದೊಣ್ಣೆಯಿಂದ ಅವನ ಕೈಗೆ ಒಂದು ಏಟು ಹೊಡೆದೆನು. ಕತ್ತಿ ಬಿದ್ದ ಕೂಡಲೇ ಅವನು ಓಡಿದನು. ನಾನು ಮತ್ತೆ ಹೊಡೆಯಲಿಲ್ಲ." ಕೊನೆಯ ಆ ವಾಕ್ಯ ನಿಜವಾಗಿದ್ದರೆ ಮಾತ್ರ ಬರೆಯಿರಿ.

ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ, ಕೇಳಿ ಪಡೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ಬರಹವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಎಸ್ಪಿಯವರಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗಲಿಲ್ಲವೆಂದರೆ ಆ ರಸೀದಿಯೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.